ಠರಾವು ಬರೆಯುವ ಹೊತ್ತು: ಪಂಚಾಯ್ತಿ ಸಭೆ, ವಿಷಯಪಟ್ಟಿ ಮತ್ತು ನಡಾವಳಿಯ ಸುತ್ತಲಿನ ವಾದಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಯಾವ ಗ್ರಾಮ ಪಂಚಾಯ್ತಿ ಕಚೇರಿಗೆ ಹೋದರೂ ಕಪಾಟಿನಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕ ಸಿಗುತ್ತದೆ. ಕೆಲವರು ಅದನ್ನು ನಡಾವಳಿ ಪುಸ್ತಕ ಎನ್ನುತ್ತಾರೆ, ಕೆಲವರು ಪ್ರೊಸೀಡಿಂಗ್ ಬುಕ್ ಎನ್ನುತ್ತಾರೆ, ಹಳಬರು ಠರಾವು ಬುಕ್ಕು ಎಂದೇ ಕರೆಯುತ್ತಾರೆ. ಊರಿನ ನೀರು, ದೀಪ, ಗಟಾರು, ಮನೆ ಹಂಚಿಕೆ, ಉದ್ಯೋಗ ಖಾತರಿಯ ಕಾಮಗಾರಿ ಎಲ್ಲವೂ ಈ ಪುಸ್ತಕದ ಮೂಲಕವೇ ಹಾದುಹೋಗಬೇಕು. ಠರಾವಿಲ್ಲದೆ ಚೆಕ್ಕಿಗೆ ಸಹಿ ಬೀಳುವುದಿಲ್ಲ, ತಾಲ್ಲೂಕು ಪಂಚಾಯ್ತಿಗೆ ಪ್ರಸ್ತಾವ ಹೋಗುವುದಿಲ್ಲ, ಆಡಿಟಿನವರು ಬಂದಾಗ ಮೊದಲು ಕೇಳುವುದೂ ಇದನ್ನೇ.

ಪುಸ್ತಕದ ಅಗತ್ಯವನ್ನು ಯಾರೂ ಪ್ರಶ್ನಿಸುವುದಿಲ್ಲ. ಅದರಲ್ಲಿ ಏನು ಬರೆಯಬೇಕು, ಯಾರು ಬರೆಯಬೇಕು, ಯಾವಾಗ ಬರೆಯಬೇಕು ಎಂಬುದರಲ್ಲಿ ಮಾತ್ರ ಬಹಳ ಕಾಲದಿಂದ ಭಿನ್ನಾಭಿಪ್ರಾಯವಿದೆ. ಸಭೆ ಎದ್ದ ಮೇಲೆ ಅದರ ನಿರ್ಣಯ ಎಲ್ಲಿರುತ್ತದೆ? ಕುಳಿತಿದ್ದವರ ನೆನಪಿನಲ್ಲೋ, ಅಧ್ಯಕ್ಷರ ಬಾಯಲ್ಲೋ, ಪಿಡಿಒ ಬರೆದ ಸಾಲಿನಲ್ಲೋ? ಈ ಮೂರೂ ಒಂದೇ ಆಗಿದ್ದರೆ ತೊಂದರೆಯಿಲ್ಲ. ಬೇರೆಬೇರೆಯಾದಾಗ ಕಾನೂನು ನಂಬುವುದು ಬರೆದ ಸಾಲನ್ನು. ಹಾಗಾಗಿ ಆ ಸಾಲು ಹುಟ್ಟುವ ರೀತಿಯನ್ನು ವಿವರವಾಗಿ ನೋಡಬೇಕಾಗುತ್ತದೆ.

ಕಲ್ಲಿನಿಂದ ಕಂಪ್ಯೂಟರಿನವರೆಗೆ

ಸೇರಿದವರ ಎದುರಿಗೆ ಆದ ತೀರ್ಮಾನವನ್ನು ಅಳಿಸಲಾಗದಂತೆ ಬರೆದಿಡುವುದು ಈ ಸೀಮೆಗೆ ಹೊಸದಲ್ಲ. ಸುಗಂಧವರ್ತಿ ಎಂದು ಹೆಸರಿದ್ದ ಸವದತ್ತಿಯಿಂದ ಆಳಿದ ರಟ್ಟರ ಕಾಲದ ದಾನಶಾಸನಗಳಲ್ಲಿ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ, ಅದರ ಎಲ್ಲೆ ಯಾವುದು ಎಂಬ ವಿವರಗಳು ಖಚಿತವಾಗಿರುತ್ತವೆ. ಕೊಡುವ ಮೊದಲು ಯಾರು ಏನು ವಾದಿಸಿದರು ಎಂಬುದು ಅಲ್ಲಿಲ್ಲ. ಕಲ್ಲಿಗೆ ಬೇಕಾದದ್ದು ತೀರ್ಮಾನ ಮಾತ್ರ. ನಡಾವಳಿ ಹೇಗಿರಬೇಕು ಎಂಬ ಇಂದಿನ ಚರ್ಚೆಯ ಒಂದು ತುದಿ ಇದೇ.

ನೋಟಿಸು, ಅಜೆಂಡಾ, ಕೋರಂ, ಸೂಚಕರು, ಅನುಮೋದಕರು ಎಂಬ ಈಗಿನ ಚೌಕಟ್ಟು ಬಂದದ್ದು ಮುಂಬಯಿ ಪ್ರಾಂತದ ಆಡಳಿತದಿಂದ. ಬೆಳಗಾವಿ ಜಿಲ್ಲೆ ಆ ಪ್ರಾಂತದಲ್ಲಿತ್ತು. 1882ರ ಲಾರ್ಡ್ ರಿಪ್ಪನ್ ನಿರ್ಣಯದ ನಂತರ 1884ರಲ್ಲಿ ಬಂದ ಮುಂಬಯಿ ಲೋಕಲ್ ಬೋರ್ಡ್ ಕಾಯ್ದೆ ಜಿಲ್ಲೆ, ತಾಲ್ಲೂಕುಗಳ ಬೋರ್ಡುಗಳಿಗೆ ಸಭೆಯ ಶಿಸ್ತು ಕಲಿಸಿತು. ಹಳ್ಳಿಯ ರೈತನಿಗೆ ಈ ಶಿಸ್ತು ಮೊದಲು ತಲುಪಿದ್ದು ಬಹುಶಃ ಸಹಕಾರ ಸಂಘಗಳಿಂದ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಸಾಲ ಕೊಡಬೇಕೋ ಬೇಡವೋ ಎಂಬುದನ್ನು ಕಮಿಟಿ ಕೂತು, ಬರೆದು, ಸಹಿ ಮಾಡಿ ತೀರ್ಮಾನಿಸುವ ಪದ್ಧತಿ ಹೀಗೆ ಊರಿಗೆ ಇಳಿಯಿತು. ಇಂದಿಗೂ ಈ ನಾಲ್ಕು ತಾಲ್ಲೂಕುಗಳಲ್ಲಿ ಪಿಕೆಪಿಎಸ್ ಸಂಘದ ಆಡಳಿತ ಮಂಡಳಿಯಲ್ಲಿ ಕೂತವರು ಪಂಚಾಯ್ತಿಗೆ ಆಯ್ಕೆಯಾಗಿ ಬಂದರೆ ಅವರಿಗೆ ಸಭೆಯ ಕ್ರಮವನ್ನು ಬೇರೆ ಹೇಳಿಕೊಡಬೇಕಾಗುವುದಿಲ್ಲ.

ರಾಮದುರ್ಗದ ದಾರಿ ಸ್ವಲ್ಪ ಬೇರೆ. ಅದು 1948ರವರೆಗೆ ಸಂಸ್ಥಾನವಾಗಿತ್ತು; ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1959ರ ಗ್ರಾಮ ಪಂಚಾಯ್ತಿ ಕಾಯ್ದೆ, ಅಬ್ದುಲ್ ನಜೀರ್ ಸಾಬರ ಹೆಸರಿನೊಂದಿಗೆ ನೆನಪಾಗುವ 1983ರ ಕಾಯ್ದೆ ಮತ್ತು 1987ರ ಮಂಡಲ ಪಂಚಾಯ್ತಿ ಚುನಾವಣೆ, ಕೊನೆಗೆ 1993ರ ಪಂಚಾಯತ್ ರಾಜ್ ಕಾಯ್ದೆ: ಹೀಗೆ ಸಭೆಯ ನಿಯಮಗಳು ಗಟ್ಟಿಯಾಗುತ್ತ ಬಂದವು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಎಂಬ ಹುದ್ದೆ ಬಂದ ಮೇಲೆ ನಡಾವಳಿಯ ಭಾರ ಹೆಚ್ಚಾಗಿ ಪಿಡಿಒ ಹೆಗಲಿಗೆ ಬಿತ್ತು. ಪಂಚತಂತ್ರ ತಂತ್ರಾಂಶ ಬಂದ ಮೇಲೆ ಸಭೆಯ ನೋಟಿಸು, ವಿಷಯಪಟ್ಟಿ, ನಡಾವಳಿ ಕಂಪ್ಯೂಟರಿಗೂ ಏರಿದವು.

ಇಲ್ಲಿ ಗ್ರಾಮ ಪಂಚಾಯ್ತಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪುರಸಭೆಗಳಿಗೂ ಕಿತ್ತೂರಿನ ಪಟ್ಟಣ ಪಂಚಾಯ್ತಿಗೂ 1964ರ ಪೌರಸಭೆಗಳ ಕಾಯ್ದೆ ಬೇರೆ ಇದೆ. ಆದರೆ ವಾದಗಳು ಎರಡೂ ಕಡೆ ಹೆಚ್ಚೂಕಡಿಮೆ ಒಂದೇ.

ಮೊದಲ ಪಕ್ಷ: ಕ್ರಮವೇ ರಕ್ಷಣೆ

ಕಾನೂನಿನ ಪಕ್ಷದವರು ಹೇಳುವುದು ಇಷ್ಟು: ಸಭೆ ನ್ಯಾಯವಾಗಿ ನಡೆಯಬೇಕಾದರೆ ಅಲ್ಲಿ ಬರುವ ವಿಷಯ ಎಲ್ಲರಿಗೂ ಮೊದಲೇ ಗೊತ್ತಿರಬೇಕು. 1993ರ ಕಾಯ್ದೆ ಸಾಮಾನ್ಯ ಸಭೆಗೆ ಏಳು ಪೂರ್ಣ ದಿನ, ವಿಶೇಷ ಸಭೆಗೆ ಮೂರು ಪೂರ್ಣ ದಿನ ಮೊದಲು ನೋಟಿಸು ಕೊಡಬೇಕೆನ್ನುತ್ತದೆ. ಸಭೆಯಲ್ಲಿ ಎತ್ತಿಕೊಳ್ಳುವ ವಿಷಯಗಳೂ ಆ ನೋಟಿಸಿನಲ್ಲಿರಬೇಕು. ಪೂರ್ಣ ದಿನ ಎಣಿಸುವಾಗ ನೋಟಿಸು ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಡಬೇಕು. ಏಪ್ರಿಲ್ 20ಕ್ಕೆ ಸಭೆ ಎಂದಾದರೆ 12ರೊಳಗೆ ನೋಟಿಸು ಸದಸ್ಯರ ಕೈಸೇರಿರಬೇಕು, 13ರಿಂದ 19ರವರೆಗಿನ ಏಳು ದಿನ ನಡುವೆ ಉಳಿಯಬೇಕು. 13ಕ್ಕೆ ಕೊಟ್ಟು ಏಳು ದಿನವಾಯಿತು ಎಂದು ಎಣಿಸುವ ತಪ್ಪು ಸಾಮಾನ್ಯ. ಯಾರಾದರೂ ತಕರಾರು ತೆಗೆದರೆ ಆ ಒಂದು ದಿನದಿಂದಲೇ ಸಭೆಯ ಠರಾವುಗಳೆಲ್ಲ ಅಲುಗಾಡುತ್ತವೆ.

ಒಟ್ಟು ಸದಸ್ಯರ ಅರ್ಧದಷ್ಟು ಕೋರಂ ಬೇಕು. ಹದಿನೈದು ಸದಸ್ಯರ ಪಂಚಾಯ್ತಿಯಲ್ಲಿ ಎಂಟು ಜನ. ಬಾರದಿದ್ದರೆ ಅರ್ಧ ಗಂಟೆ ಕಾದು ಸಭೆ ಮುಂದೂಡಬೇಕು. ತೀರ್ಮಾನ ಬಹುಮತದ್ದು, ಮತ ಸಮವಾದರೆ ಅಧ್ಯಕ್ಷರ ನಿರ್ಣಾಯಕ ಮತವಿದೆ. ತನ್ನ ಹಣದ ಹಿತಾಸಕ್ತಿ ಇರುವ ವಿಷಯದ ಚರ್ಚೆಯಲ್ಲಿ ಸದಸ್ಯ ಪಾಲ್ಗೊಳ್ಳಬಾರದು, ಮತವನ್ನೂ ಹಾಕಬಾರದು.

ಈ ಪಕ್ಷಕ್ಕೆ ಜಗತ್ತಿನಲ್ಲಿ ದೊಡ್ಡ ಪರಂಪರೆಯಿದೆ. ಬ್ರಿಟಿಷ್ ಸಂಸತ್ತಿನ ನಡವಳಿಕೆಯನ್ನು ಎರ್ಸ್ಕಿನ್ ಮೇ 1844ರಲ್ಲಿ ಗ್ರಂಥವಾಗಿಸಿದರು. ಅಮೆರಿಕದ ಸೈನ್ಯಾಧಿಕಾರಿ ಹೆನ್ರಿ ರಾಬರ್ಟ್ 1876ರಲ್ಲಿ ಸಾಮಾನ್ಯ ಸಂಘ ಸಂಸ್ಥೆಗಳಿಗಾಗಿ ಸಭಾನಿಯಮಗಳ ಪುಸ್ತಕ ಬರೆದರು. ರಾಬರ್ಟ್ ಅವರ ಮುಖ್ಯ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ನಡಾವಳಿಯಲ್ಲಿ ಸಭೆ ಮಾಡಿದ್ದನ್ನು ಬರೆಯಬೇಕು, ಸದಸ್ಯರು ಆಡಿದ್ದನ್ನಲ್ಲ.

ಕಡಿಮೆ ಬಲದವರಿಗೆ ಕ್ರಮ ಏಕೆ ಬೇಕು ಎಂಬುದನ್ನು ಈ ಪಕ್ಷ ಚೆನ್ನಾಗಿ ವಿವರಿಸುತ್ತದೆ. ಮೊದಲ ಸಲ ಗೆದ್ದು ಬಂದ ಸದಸ್ಯೆಗೆ ವಿಷಯ ಏಳು ದಿನ ಮೊದಲೇ ಗೊತ್ತಾದರೆ ತನ್ನ ವಾರ್ಡಿನವರನ್ನು ಕೇಳಿಕೊಂಡು ಬರುತ್ತಾಳೆ. ಸಭೆಯಲ್ಲೇ ಮೊದಲ ಸಲ ಕೇಳಿದರೆ ಸುಮ್ಮನೆ ಕೂರುತ್ತಾಳೆ, ಆ ಮೌನವನ್ನು ಒಪ್ಪಿಗೆ ಎಂದು ಬರೆಯುತ್ತಾರೆ. ಆದರೆ ನೋಟಿಸು ಸರಿ, ಕೋರಂ ಸರಿ, ಸಹಿ ಸರಿ ಇದ್ದೂ ಏನೂ ತೀರ್ಮಾನವಾಗದ ಸಭೆಗಳು ಏಕೆ ಇಷ್ಟೊಂದಿವೆ ಎಂಬುದಕ್ಕೆ ಈ ಪಕ್ಷದಲ್ಲಿ ಉತ್ತರವಿಲ್ಲ.

ಎರಡನೆಯ ಪಕ್ಷ: ಒಮ್ಮತದ ಊರು

ಊರಿನ ಹಿರಿಯರನ್ನು ಕೇಳಿದರೆ ಮತ ಹಾಕುವುದೇ ಊರು ಒಡೆಯುವ ದಾರಿ ಎನ್ನುತ್ತಾರೆ. ಗುಡಿಯ ಕಟ್ಟೆಯ ಮೇಲೆ ಜಾತ್ರೆಯ ಪಟ್ಟಿ ಎತ್ತುವ ಸಭೆಯಲ್ಲಿ ಯಾರೂ ಕೈ ಎತ್ತಿ ಎಣಿಸುವುದಿಲ್ಲ. ಮಾತು ಸುತ್ತುತ್ತದೆ, ಒಬ್ಬಿಬ್ಬರು ಸಿಟ್ಟಾಗುತ್ತಾರೆ, ಮತ್ತೆ ಕೂರುತ್ತಾರೆ, ಕೊನೆಗೆ ಒಬ್ಬರು "ಹಂಗಾದ್ರ ಹಿಂಗ ಮಾಡೋಣ್ರಿ" ಎಂದಾಗ ಯಾರೂ ಎದುರಾಡದಿದ್ದರೆ ಅದೇ ತೀರ್ಮಾನ. ಪಂಚಾಯ್ತಿ ಪುಸ್ತಕದಲ್ಲಿ ಪುಟಪುಟಕ್ಕೂ ಕಾಣುವ "ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು" ಎಂಬ ವಾಕ್ಯ ಈ ಸಂಸ್ಕೃತಿಯಿಂದಲೇ ಬಂದದ್ದು.

ಇದನ್ನು ಹಿಂದುಳಿದ ಪದ್ಧತಿ ಎಂದು ತಳ್ಳಿಹಾಕುವುದು ಸರಿಯಲ್ಲ. ನೂರಾರು ವರ್ಷಗಳಿಂದ ಮತ ಹಾಕದೆಯೇ ಸಭೆ ನಡೆಸುತ್ತಿರುವ ಕ್ವೇಕರ್ ಪಂಥದವರಲ್ಲಿ ಕಲಿಯಬೇಕಾದ ಒಂದು ಕ್ರಮವಿದೆ. ಅವರ ಸಭೆಯ ಲೇಖಕರು ಚರ್ಚೆ ಒಂದು ದಿಕ್ಕಿಗೆ ತಿರುಗಿತು ಅನಿಸಿದಾಗ ಅಲ್ಲೇ ಕೂತು ನಿರ್ಣಯದ ಸಾಲು ಬರೆಯುತ್ತಾರೆ, ಗಟ್ಟಿಯಾಗಿ ಓದುತ್ತಾರೆ. ಕುಳಿತವರು ಸರಿ ಎಂದ ಮೇಲೆಯೇ ಮುಂದಿನ ವಿಷಯ. ಯಾರಾದರೂ ಒಪ್ಪದಿದ್ದರೆ ಸಾಲು ತಿದ್ದುತ್ತಾರೆ, ಇಲ್ಲವೇ ವಿಷಯವನ್ನು ಮುಂದಕ್ಕೆ ಹಾಕುತ್ತಾರೆ. ಮತ ಇಲ್ಲದ ಕಡೆ ಬರವಣಿಗೆಯೇ ಮತದ ಕೆಲಸ ಮಾಡುತ್ತದೆ.

ನಮ್ಮ ಒಮ್ಮತದ ಸಭೆಗಳಲ್ಲಿ ಕಾಣೆಯಾಗಿರುವುದು ಈ ಕಡೆಯ ಹೆಜ್ಜೆ. ಮಾತಿನಲ್ಲಿ ಒಮ್ಮತವಾಗುತ್ತದೆ, ಬರೆಯುವುದು ಎರಡು ದಿನದ ಮೇಲೆ. ಆಗ ಸಭೆಯಲ್ಲಿ ಗೊಣಗಿದವನ ಗೊಣಗಾಟ ಸರ್ವಾನುಮತದೊಳಗೆ ಮುಚ್ಚಿಹೋಗುತ್ತದೆ. ಮುಂದೆ ಹಣದ ಲೆಕ್ಕದಲ್ಲಿ ತಕರಾರು ಬಂದರೆ ಗೊಣಗಿದವನ ಸಹಿಯೂ ಆ ಠರಾವಿನ ಕೆಳಗೆ ಇರುತ್ತದೆ. "ಶ್ರೀ ಇಂಥವರು ವಿರೋಧ ವ್ಯಕ್ತಪಡಿಸಿದರು, ಬಹುಮತದಿಂದ ಠರಾಯಿಸಲಾಯಿತು" ಎಂದು ಬರೆಸಿಕೊಳ್ಳುವುದು ಜಗಳಗಂಟತನವಲ್ಲ, ಪ್ರತಿ ಸದಸ್ಯನ ಹಕ್ಕು.

ಮೂರನೆಯ ಪಕ್ಷ: ಕೆಲಸದ ಪಟ್ಟಿ

ಇಲಾಖೆಯಲ್ಲಿ ಪಳಗಿದ ಅಧಿಕಾರಿಗಳು ಇನ್ನೊಂದು ಮಾತು ಹೇಳುತ್ತಾರೆ. ನಡಾವಳಿ ಬರೆದು ಮುಚ್ಚಿಡುವ ದಾಖಲೆಯಾದರೆ ಪ್ರಯೋಜನವಿಲ್ಲ, ನಾಳೆ ಬೆಳಗ್ಗೆ ಯಾರು ಎಲ್ಲಿಗೆ ಹೋಗಬೇಕು ಎಂದು ಹೇಳಬೇಕು. ಅವರಿಗೆ ಮಾದರಿ ಕೆಡಿಪಿ ಸಭೆ. ತಾಲ್ಲೂಕು, ಜಿಲ್ಲಾ ಮಟ್ಟದ ಆ ಪ್ರಗತಿ ಪರಿಶೀಲನಾ ಸಭೆಗಳು ಹಿಂದಿನ ಸಭೆಯ ಅನುಪಾಲನಾ ವರದಿಯಿಂದ ಶುರುವಾಗುತ್ತವೆ: ಕಳೆದ ಸಲ ಯಾವ ಇಲಾಖೆಗೆ ಏನು ಹೇಳಿದ್ದೆವು, ಏನಾಯಿತು, ಯಾಕೆ ಆಗಲಿಲ್ಲ.

ಈ ಪಕ್ಷದ ಪ್ರಕಾರ ಪ್ರತಿ ಠರಾವಿನಲ್ಲಿ ಮೂರು ಸಂಗತಿ ಇರಲೇಬೇಕು: ಮಾಡುವ ಕೆಲಸ, ಮಾಡುವವರ ಹುದ್ದೆ, ಮುಗಿಯಬೇಕಾದ ದಿನಾಂಕ. "ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂಬ ವಾಕ್ಯದಲ್ಲಿ ಮೂರೂ ಇಲ್ಲ. ಕರ್ತೃವಿಲ್ಲದ ಈ ವಾಕ್ಯರಚನೆ ನಮ್ಮ ಸರ್ಕಾರಿ ಕನ್ನಡಕ್ಕೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಅದನ್ನು ಬರೆದವರಿಗೂ ಕೆಲಸ ಯಾರಿಗೂ ಒಪ್ಪಿಸಿಲ್ಲ ಎಂಬುದು ಹೊಳೆಯುವುದಿಲ್ಲ.

ಆದರೆ ಈ ಪದ್ಧತಿಗೂ ಮಿತಿಯಿದೆ. ಕೆಡಿಪಿ ಸಭೆಯಲ್ಲಿ ಕೂತವರು ಬಹುಪಾಲು ಅಧಿಕಾರಿಗಳು, ಮೇಲಿನವರು ಕೇಳಿದರೆ ಉತ್ತರ ಕೊಡಲೇಬೇಕು. ಪಂಚಾಯ್ತಿ ಸದಸ್ಯರು ಯಾರ ಕೈಕೆಳಗಿನವರೂ ಅಲ್ಲ. ಅವರ ಸಭೆ ಮೊದಲು ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕು, ಆಮೇಲೆ ಯಾರು ಮಾಡಬೇಕು ಎಂದು. ಕೆಲಸದ ಪಟ್ಟಿಯನ್ನಷ್ಟೇ ನೋಡುವವರಿಗೆ ಮೊದಲ ಪ್ರಶ್ನೆ ಕಣ್ಣಿಗೆ ಬೀಳುವುದಿಲ್ಲ.

ನಾಲ್ಕನೆಯ ಪಕ್ಷ: ಎಲ್ಲವೂ ದಾಖಲಾಗಲಿ

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದ ಮೇಲೆ ಈ ಪಕ್ಷಕ್ಕೆ ಬಲ ಬಂತು. ಯಾರು ಏನು ಮಾತಾಡಿದರು, ಯಾವ ಕಾರಣಕ್ಕೆ ಒಬ್ಬನ ಹೆಸರು ಮನೆಯ ಪಟ್ಟಿಯಿಂದ ಹೋಯಿತು, ಇನ್ನೊಬ್ಬನದು ಬಂತು, ಎಲ್ಲವೂ ಬರಹದಲ್ಲೋ ವಿಡಿಯೊದಲ್ಲೋ ಇರಲಿ ಎಂಬುದು ಇವರ ಬೇಡಿಕೆ. ಗ್ರಾಮಸಭೆಯ ಮಟ್ಟಿಗೆ ನಾನು ಇದನ್ನು ಒಪ್ಪುತ್ತೇನೆ. ಅಲ್ಲಿ ಮಾತಾಡುವವರು ಜನ, ಅವರ ಬೇಡಿಕೆಯೇ ದಾಖಲೆಯ ತಿರುಳು. ಮಲಪ್ರಭೆಯ ದಡದ ಊರುಗಳಲ್ಲಿ 2019ರ ಆಗಸ್ಟ್ ಪ್ರವಾಹದ ನಂತರ ಬಿದ್ದ ಮನೆಗಳ ಪಟ್ಟಿ ಎಷ್ಟು ಮುಖ್ಯವಾಯಿತು ಎಂಬುದನ್ನು ರಾಮದುರ್ಗ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಅಂಥ ಪಟ್ಟಿಯಲ್ಲಿ ಹೆಸರಿನ ಮುಂದೆ ಕಾರಣ ಇರದಿದ್ದರೆ ತಕರಾರು ತೀರುವುದಿಲ್ಲ.

ಸಾಮಾನ್ಯ ಸಭೆಗೆ ಮಾತ್ರ ಇದೇ ಪದ್ಧತಿ ಹೊಂದುವುದಿಲ್ಲ. ನಾಲ್ಕು ಪುಟದ ಚರ್ಚೆಯೊಳಗೆ ಎರಡು ಸಾಲಿನ ತೀರ್ಮಾನ ಹೂತುಹೋದರೆ ಅದನ್ನು ಹುಡುಕುವವರೂ ಇಲ್ಲ, ಅದರಂತೆ ನಡೆಯುವವರೂ ಇಲ್ಲ.

ಒಂದು ಮೋಟಾರಿನ ಕತೆ

ನಾಲ್ಕೂ ಪಕ್ಷಗಳನ್ನು ಒಂದೇ ವಿಷಯದ ಮೇಲೆ ಇಟ್ಟು ನೋಡಿದರೆ ಯಾವುದರ ಬೆಲೆ ಎಷ್ಟು ಎಂದು ತಿಳಿಯುತ್ತದೆ. ಸವದತ್ತಿ ಕಡೆಯ ಹದಿನೈದು ಸದಸ್ಯರ ಒಂದು ಪಂಚಾಯ್ತಿಯನ್ನು ಊಹಿಸಿಕೊಳ್ಳಿ. ಏಪ್ರಿಲ್ ತಿಂಗಳು, 2ನೇ ವಾರ್ಡಿನ ಬೋರ್‌ವೆಲ್ಲಿನ ಮೋಟಾರು ಮೂರು ತಿಂಗಳಲ್ಲಿ ಎರಡನೇ ಸಲ ಸುಟ್ಟಿದೆ.

ರೂಢಿಯ ವಿಷಯಪಟ್ಟಿಯಲ್ಲಿ ಇದು "ಕುಡಿಯುವ ನೀರಿನ ಬಗ್ಗೆ" ಎಂದು ಬರುತ್ತದೆ. ಇದನ್ನು ಓದಿದ ಸದಸ್ಯ ಏನು ಸಿದ್ಧತೆ ಮಾಡಿಕೊಂಡು ಬರಬೇಕು? ಸಭೆಯಲ್ಲಿ ಎಲ್ಲ ವಾರ್ಡಿನವರೂ ತಮ್ಮ ತಮ್ಮ ನಲ್ಲಿಯ ಕತೆ ಹೇಳುತ್ತಾರೆ, ಒಂದು ತಾಸು ಹೋಗುತ್ತದೆ. ಅದೇ ವಿಷಯವನ್ನು ಹೀಗೆ ಬರೆದು ನೋಡಿ: "2ನೇ ವಾರ್ಡಿನ ಬೋರ್‌ವೆಲ್ ಮೋಟಾರು ಮತ್ತೆ ಸುಟ್ಟಿರುವುದು: ವೈಂಡಿಂಗ್ ಮಾಡಿಸುವುದೋ, ಹೊಸ ಮೋಟಾರು ಕೊಳ್ಳುವುದೋ, ಯಾವ ಅನುದಾನದಿಂದ ಎಂಬುದನ್ನು ತೀರ್ಮಾನಿಸುವುದು." ಈಗ ವಿಷಯ ಪ್ರಶ್ನೆಯಾಯಿತು. ಪಿಡಿಒ ಸಭೆಗೆ ಮೊದಲು ದರಪಟ್ಟಿ ತರಿಸಿಡುತ್ತಾರೆ, ಎಂಜಿನಿಯರನ್ನು ಕೇಳಿ ಮೋಟಾರು ಪದೇಪದೇ ಸುಡುವುದು ವೋಲ್ಟೇಜಿನಿಂದಲೋ ನೀರಿನ ಮಟ್ಟ ಕೆಳಗಿಳಿದದ್ದರಿಂದಲೋ ತಿಳಿದಿರುತ್ತಾರೆ. ನೀರಿನ ಮಟ್ಟ ಇಳಿದಿದ್ದರೆ ಹೊಸ ಮೋಟಾರೂ ಸುಡುತ್ತದೆ. ಆಗ ಸಭೆಯ ಮುಂದಿನ ಪ್ರಶ್ನೆಯೇ ಬದಲಾಗುತ್ತದೆ. ವಿಷಯಪಟ್ಟಿಯನ್ನು ಪ್ರಶ್ನೆಯಾಗಿ ಬರೆಯುವುದರಲ್ಲಿ ಸಭೆಯ ಅರ್ಧ ಕೆಲಸ ಮುಗಿಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಸಭೆಯ ದಿನ ಅಧ್ಯಕ್ಷರು ವಿಷಯ ಓದಿಸಿ, ಮೊದಲು 2ನೇ ವಾರ್ಡಿನ ಸದಸ್ಯರಿಗೆ ಮಾತು ಕೊಡುತ್ತಾರೆ. ಬೇರೆ ವಾರ್ಡಿನ ನೀರಿನ ಮಾತು ಬಂದರೆ ಅದನ್ನು ಬರೆದಿಟ್ಟುಕೊಂಡು ಮುಂದಿನ ಸಭೆಯ ವಿಷಯಪಟ್ಟಿಗೆ ಹಾಕುವುದಾಗಿ ಹೇಳುತ್ತಾರೆ. ಹೀಗೆ ಹೇಳಿದರೆ ಸಾಲದು, ಪಟ್ಟಿಯಲ್ಲಿ ಅದು ನಿಜವಾಗಿ ಬರಬೇಕು. ಎರಡು ಸಲ ಬಾರದಿದ್ದರೆ ಮೂರನೇ ಸಲ ಆ ಸದಸ್ಯರು ಮಾತು ನಿಲ್ಲಿಸುವುದಿಲ್ಲ.

ಚರ್ಚೆ ಮುಗಿದಾಗ ಪಿಡಿಒ ಅಲ್ಲೇ ಬರೆಯುವ ಠರಾವು ಹೀಗಿರಬಹುದು:

"ವಿಷಯ 3. ಠರಾವು 3: 2ನೇ ವಾರ್ಡಿನ ಬೋರ್‌ವೆಲ್‌ಗೆ ಹೊಸ ಮೋಟಾರನ್ನು, ಬಂದಿರುವ ಮೂರು ದರಪಟ್ಟಿಗಳಲ್ಲಿ ಕಡಿಮೆ ದರ ನಮೂದಿಸಿದವರಿಂದ, ಹಣಕಾಸು ಆಯೋಗದ ನಿರ್ಬಂಧಿತ ಅನುದಾನದ ಕುಡಿಯುವ ನೀರಿನ ಬಾಬ್ತಿನಲ್ಲಿ ಕೊಳ್ಳಲು ಒಪ್ಪಲಾಯಿತು. ಪಿಡಿಒ ಏಪ್ರಿಲ್ 22ರೊಳಗೆ ಖರೀದಿ ಆದೇಶ ಕೊಡುವುದು. ನೀರಗಂಟಿ ಏಪ್ರಿಲ್ 25ರೊಳಗೆ ಅಳವಡಿಕೆ ಮಾಡಿಸಿ ವರದಿ ಕೊಡುವುದು. ಅಲ್ಲಿಯವರೆಗೆ ದಿನಕ್ಕೆ ಎರಡು ಟ್ಯಾಂಕರ್ ನೀರಿನ ಉಸ್ತುವಾರಿ 2ನೇ ವಾರ್ಡಿನ ಸದಸ್ಯರದು. ಸುಟ್ಟ ಮೋಟಾರನ್ನು ದಾಸ್ತಾನು ವಹಿಯಲ್ಲಿ ದಾಖಲಿಸುವುದು. ಸೂಚಕರು, ಅನುಮೋದಕರು. ಪರ 9, ವಿರೋಧ 2."

ಇದರಲ್ಲಿ ಒಂದೇ ಒಂದು ಭಾಷಣವಿಲ್ಲ. ಆದರೆ ಮುಂದಿನ ತಿಂಗಳು ಯಾರಾದರೂ ಓದಿದರೆ ಕೆಲಸ ಆಗಿದೆಯೋ ಇಲ್ಲವೋ ಎಂದು ಪ್ರತಿ ಸಾಲಿಗೂ ಕೇಳಬಹುದು. ಹಳೆಯ ಮೋಟಾರಿನ ಸಾಲು ಸಣ್ಣದೆನಿಸಬಹುದು. ಆ ಸಾಲಿಲ್ಲದ ಕಡೆ ಹಳೆಯ ಮೋಟಾರು ಎಲ್ಲಿ ಹೋಯಿತು ಎಂಬುದು ಆಡಿಟಿನ ಆಕ್ಷೇಪಣೆಯಾಗಿ ವರ್ಷಗಟ್ಟಲೆ ಉಳಿಯುತ್ತದೆ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಬೇಸಿಗೆಯಲ್ಲಿ ಮೋಟಾರು ಸುಟ್ಟರೆ ಏಳು ದಿನದ ನೋಟಿಸಿಗೆ ಕಾಯುವುದು ಹೇಗೆ? ವಿಶೇಷ ಸಭೆಗೂ ಮೂರು ದಿನ ಬೇಕು. ವ್ಯವಹಾರದಲ್ಲಿ ಆಗುವುದೇನೆಂದರೆ ರಿಪೇರಿ ಮೊದಲು ಮಾಡಿಸಿ, ಸಭೆಯಲ್ಲಿ ಘಟನೋತ್ತರ ಮಂಜೂರಾತಿ ಪಡೆಯುತ್ತಾರೆ. ತುರ್ತಿಗೆ ಇದು ಸರಿ. ಆದರೆ ಪ್ರತಿ ಸಭೆಯ ಪಟ್ಟಿಯಲ್ಲಿ ಅರ್ಧ ವಿಷಯಗಳು ಘಟನೋತ್ತರವಾಗಿಯೇ ಬರುತ್ತಿದ್ದರೆ ಆ ಪಂಚಾಯ್ತಿಯಲ್ಲಿ ತೀರ್ಮಾನ ಸಭೆಯಲ್ಲಿ ಆಗುತ್ತಿಲ್ಲ ಎಂದೇ ತಿಳಿಯಬೇಕು.

ಎಲ್ಲಿ ಕೆಡುತ್ತದೆ, ಹೇಗೆ ಗೊತ್ತಾಗುತ್ತದೆ

ನಡಾವಳಿ ಕೆಡುವುದು ಹೆಚ್ಚಾಗಿ ಸಹಿಯ ಜಾಗದಲ್ಲಿ. ಸಭೆ ಶುರುವಾಗುವಾಗ ಹಾಜರಾತಿಗೆಂದು ಪುಸ್ತಕದಲ್ಲಿ ಸಹಿ ತೆಗೆದುಕೊಳ್ಳುತ್ತಾರೆ, ಅದರ ಮುಂದಿನ ಪುಟಗಳು ಖಾಲಿ ಇರುತ್ತವೆ, ಠರಾವುಗಳು ಆಮೇಲೆ ತುಂಬುತ್ತವೆ. ಸದಸ್ಯರು ಬಂದದ್ದಕ್ಕೆ ಮಾಡಿದ ಸಹಿ ಒಪ್ಪಿದ್ದಕ್ಕೆ ಮಾಡಿದ ಸಹಿಯಂತೆ ಕಾಣುತ್ತದೆ. ಪುಸ್ತಕ ನೋಡಿದರೆ ಇದು ಗೊತ್ತಾಗುತ್ತದೆ: ಕೊನೆಯ ಸಾಲುಗಳು ಇಕ್ಕಟ್ಟಾಗಿ, ಅಂಚಿಗೆ ಹತ್ತಿ ಬರೆದಿರುತ್ತವೆ, ಶಾಯಿ ಬದಲಾಗಿರುತ್ತದೆ, ಠರಾವು 5ರ ನಂತರ 5(ಅ) ಎಂಬ ಸಂಖ್ಯೆ ಹುಟ್ಟಿರುತ್ತದೆ, ನೋಟಿಸಿನ ವಿಷಯಪಟ್ಟಿಯಲ್ಲಿ ಹತ್ತು ವಿಷಯಗಳಿದ್ದರೆ ನಡಾವಳಿಯಲ್ಲಿ ಹದಿನಾಲ್ಕು ಇರುತ್ತವೆ.

ಆ ಹೆಚ್ಚಿನ ನಾಲ್ಕು ಬರುವುದು ವಿಷಯಪಟ್ಟಿಯ ಕೊನೆಯ ಬಾಗಿಲಿನಿಂದ: "ಮಾನ್ಯ ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರೆ ವಿಷಯಗಳು." ಇದನ್ನು ಪೂರ್ತಿ ಮುಚ್ಚಲಾಗದು, ಮೇಲಿನಿಂದ ತುರ್ತು ಪತ್ರ ಬರುವುದುಂಟು. ಆದರೆ ಹಣ ಖರ್ಚಾಗುವ, ಫಲಾನುಭವಿಗಳನ್ನು ಆರಿಸುವ, ಜಾಗ ಕೊಡುವ ವಿಷಯಗಳು ಈ ಬಾಗಿಲಿನಿಂದ ಬರಬಾರದು. ಏಳು ದಿನದ ನೋಟಿಸಿನ ನಿಯಮ ಇರುವುದೇ ಇಂಥವುಗಳಿಗಾಗಿ.

ಇನ್ನೊಂದು ಗೊಂದಲ ಮುಂದಿನ ಸಭೆಯ ಮೊದಲ ವಿಷಯದಲ್ಲಿ. "ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು" ಎಂದಾಗ ಕೆಲವರು ಹಳೆಯ ತೀರ್ಮಾನವನ್ನೇ ಮತ್ತೆ ಚರ್ಚೆಗೆ ಎಳೆಯುತ್ತಾರೆ. ದೃಢೀಕರಿಸುವುದೆಂದರೆ ಆದದ್ದನ್ನು ಸರಿಯಾಗಿ ಬರೆದಿದೆ ಎನ್ನುವುದಷ್ಟೇ. ತೀರ್ಮಾನ ಆದ ದಿನದಿಂದಲೇ ಜಾರಿಯಲ್ಲಿರುತ್ತದೆ, ಅದನ್ನು ಬದಲಿಸಲು ಬೇರೆ ವಿಷಯವಾಗಿ ಬೇರೆ ವಿಧಾನದಲ್ಲಿ ತರಬೇಕು. ದೃಢೀಕರಣದ ದಿನ ಕೇಳಬೇಕಾದ ಪ್ರಶ್ನೆ ಬೇರೆ: ಬರೆದದ್ದು ಆಯಿತೇ? ಈ ಜಾಗದಲ್ಲೇ ಅನುಪಾಲನಾ ವರದಿಯನ್ನು ಓದುವ ಪದ್ಧತಿ ತಂದರೆ ಮೊದಲ ಪಕ್ಷವೂ ಮೂರನೆಯ ಪಕ್ಷವೂ ಒಂದೇ ಕಡೆ ಸೇರುತ್ತವೆ.

ಈ ವಿಷಯದಲ್ಲಿ ಸ್ತ್ರೀಶಕ್ತಿ ಗುಂಪುಗಳು ಪಂಚಾಯ್ತಿಗಿಂತ ಮುಂದಿವೆ ಎಂದು ನನಗನಿಸುತ್ತದೆ. ಅವರ ಸಭೆ ಸಣ್ಣದು, ಹಣ ತಮ್ಮದೇ, ಎಲ್ಲರಿಗೂ ಓದು ಬರುವುದಿಲ್ಲ. ಓದು ಬಾರದವರಿರುವುದರಿಂದಲೇ ಯಾರಿಗೆ ಎಷ್ಟು ಸಾಲ, ಯಾವಾಗ ತೀರಿಸುವುದು ಎಂಬ ಠರಾವನ್ನು ಬರೆದವರು ಗಟ್ಟಿಯಾಗಿ ಓದಿ ಹೇಳಬೇಕಾಗುತ್ತದೆ, ಹೆಬ್ಬೆಟ್ಟು ಬೀಳುವುದು ಕೇಳಿದ ಮೇಲೆ. ಬ್ಯಾಂಕಿನವರೂ ಠರಾವಿನ ನಕಲು ನೋಡದೆ ಸಾಲ ಕೊಡುವುದಿಲ್ಲ.

ತೀರದ ಪ್ರಶ್ನೆಗಳು

ಬರೆಯುವವರು ಯಾರಾಗಬೇಕು ಎಂಬುದು ಮೊದಲನೆಯದು. ಪಿಡಿಒ ಠರಾವು ಬರೆಯುತ್ತಾರೆ, ಅವರೇ ಅದನ್ನು ಜಾರಿ ಮಾಡುತ್ತಾರೆ, ಮಾಡದಿದ್ದರೆ ಉತ್ತರ ಕೊಡಬೇಕಾದವರೂ ಅವರೇ. ತನ್ನ ಮೇಲೆ ದಿನಾಂಕ ಹಾಕಿಕೊಳ್ಳುವ ಸಾಲನ್ನು ತಾನೇ ಬರೆಯುವುದು ಯಾರಿಗೂ ಸುಲಭವಲ್ಲ. ಬೇರೆಯವರು ಬರೆಯಲಿ ಎಂದರೆ ನಿಯಮ, ಬಾಬ್ತು, ಅನುದಾನ ಗೊತ್ತಿರುವ ಇನ್ನೊಬ್ಬರು ಸಣ್ಣ ಪಂಚಾಯ್ತಿಯಲ್ಲಿ ಸಿಗುವುದು ಕಷ್ಟ.

ಎಷ್ಟು ದಿನದೊಳಗೆ ಬರೆಯಬೇಕು ಎಂಬುದರಲ್ಲೂ ಒಪ್ಪಂದವಿಲ್ಲ. ಕಂಪನಿಗಳ ಆಡಳಿತ ಮಂಡಳಿಗೆ 2015ರಿಂದ ಜಾರಿಯಲ್ಲಿರುವ ಮಾನದಂಡದ ಪ್ರಕಾರ ಕರಡು ಹದಿನೈದು ದಿನದಲ್ಲಿ ಸದಸ್ಯರಿಗೆ ಹೋಗಬೇಕು, ಏಳು ದಿನದಲ್ಲಿ ಅವರ ಅಭಿಪ್ರಾಯ ಬರಬೇಕು, ಮೂವತ್ತು ದಿನದೊಳಗೆ ಪುಸ್ತಕಕ್ಕೆ ಏರಬೇಕು. ವಕೀಲರೂ ಲೆಕ್ಕಿಗರೂ ಇರುವ ಕಂಪನಿಗೆ ಇದು ಸರಿಹೋಗುತ್ತದೆ. ಹದಿನೈದು ದಿನದ ಮೇಲೆ ಬಂದ ಕರಡನ್ನು ಕೂತು ಓದಿ ತಿದ್ದುವ ಪುರುಸೊತ್ತು ಬಿತ್ತನೆಯ ದಿನಗಳಲ್ಲಿ ಪಂಚಾಯ್ತಿ ಸದಸ್ಯರಿಗೆ ಎಲ್ಲಿದೆ? ಅದಕ್ಕೇ ಸಭೆ ಏಳುವ ಮೊದಲೇ ಬರೆಯುವುದು ಇಲ್ಲಿಗೆ ಹೆಚ್ಚು ಹೊಂದುತ್ತದೆ. ಇದಕ್ಕೆ ಎದುರಾಗಿ ಹೇಳುವವರ ಮಾತಿನಲ್ಲೂ ಹುರುಳಿದೆ: ಇಪ್ಪತ್ತು ವಿಷಯಗಳ ಸಭೆಯಲ್ಲಿ ಪ್ರತಿ ಠರಾವನ್ನೂ ಅಲ್ಲೇ ಬರೆದು ಓದಿದರೆ ಸಂಜೆಯಾಗುತ್ತದೆ, ಕೋರಂ ಕರಗುತ್ತದೆ. ವಿಷಯಗಳ ಸಂಖ್ಯೆ ಇಳಿಸಬೇಕೋ, ಮುಖ್ಯವಾದವನ್ನಷ್ಟೇ ಅಲ್ಲಿ ಓದಬೇಕೋ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಪುಸ್ತಕ ಮತ್ತು ಪಂಚತಂತ್ರ ಬೇರೆಬೇರೆ ಹೇಳಿದರೆ ಯಾವುದನ್ನು ನಂಬಬೇಕು? ಕಂಪ್ಯೂಟರಿನಲ್ಲಿ ದಿನಾಂಕ ಬದಲಿಸುವುದು ಕಷ್ಟ, ಅದು ಅದರ ಬಲ. ಸಭೆಯಲ್ಲಿ ಕೂತವರಿಗೆ ಪರದೆ ಕಾಣದು, ಅದು ಅದರ ದೌರ್ಬಲ್ಯ.

ಕೊನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು. ಹಾಜರಾತಿಯಲ್ಲಿ ಅವರ ಸಹಿ ಇರುತ್ತದೆ; ಮಾತು ಗಂಡನದೋ ಮಗನದೋ ಆಗಿದ್ದರೆ ಪುಸ್ತಕ ಅದನ್ನು ತೋರಿಸುವುದಿಲ್ಲ. ಸೂಚಕರು, ಅನುಮೋದಕರ ಹೆಸರನ್ನು ಪ್ರತಿ ಠರಾವಿಗೂ ಬರೆದರೆ ವರ್ಷದ ಕೊನೆಗೆ ಯಾರು ಎಷ್ಟು ಸಲ ವಿಷಯ ಎತ್ತಿದರು ಎಂದಾದರೂ ಎಣಿಸಬಹುದು. ಅದು ಪೂರ್ಣ ಪರಿಹಾರವಲ್ಲ, ನಡಾವಳಿಯ ಕೈಗೆ ಎಟಕುವುದು ಅಷ್ಟೇ.

ಈ ನಾಲ್ಕು ತಾಲ್ಲೂಕುಗಳ ಪಂಚಾಯ್ತಿ ಸದಸ್ಯರಲ್ಲಿ ನನ್ನದೊಂದು ಕೇಳಿಕೆಯಿದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಹಾಜರಾತಿಯ ಸಹಿಯನ್ನು ಬೇರೆ ಪುಟದಲ್ಲಿ ಮಾಡಿ, ಹಣ ಖರ್ಚಾಗುವ ಪ್ರತಿ ಠರಾವನ್ನು ಅಲ್ಲೇ ಬರೆಸಿ, ಗಟ್ಟಿಯಾಗಿ ಓದಿಸಿ. ಕೆಲಸ ಯಾರದು, ಎಂದಿನೊಳಗೆ ಎಂಬುದು ಆ ಸಾಲಿನಲ್ಲಿ ಇದೆಯೇ ಎಂದು ಕೇಳಿ. ಕೊನೆಯ ಠರಾವಿನ ಕೆಳಗೆ ಗೆರೆ ಎಳೆಸಿದ ಮೇಲೆಯೇ ಮನೆಗೆ ಹೊರಡಿ.